ಕೊನೆಯ ಊಟ ಎಷ್ಟು ಗಂಟೆಗೆ?: ಹಳ್ಳಿಗಳ ಸಕ್ಕರೆ ಕಾಯಿಲೆ ತಪಾಸಣೆಯ ಬಗ್ಗೆ ತಾಲ್ಲೂಕು ಆರೋಗ್ಯಾಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯ ತಾಲ್ಲೂಕು ಆರೋಗ್ಯಾಧಿಕಾರಿಗಳಿಗೆ, ಉಪಕೇಂದ್ರಗಳಲ್ಲಿ ದುಡಿಯುತ್ತಿರುವ ನನ್ನ ಕಿರಿಯ ಸಹೋದ್ಯೋಗಿಗಳಿಗೆ ಮತ್ತು ಆಶಾ ಕಾರ್ಯಕರ್ತೆಯರಿಗೆ ವಂದನೆಗಳು.

ನಾನು ನಿವೃತ್ತ ಆರೋಗ್ಯ ಸಹಾಯಕಿ. ಸೇವೆಯ ಕೊನೆಯ ವರ್ಷಗಳಲ್ಲಿ ನನ್ನ ಕೆಲಸದ ದೊಡ್ಡ ಪಾಲು ಮೂವತ್ತು ದಾಟಿದವರ ಬಿ.ಪಿ. ಮತ್ತು ಶುಗರ್ ನೋಡುವುದೇ ಆಗಿತ್ತು. ಈಗಲೂ ನಮ್ಮೂರಿನಲ್ಲಿ ತಪಾಸಣೆ ನಡೆಯುವ ದಿನ ಹೋಗಿ ಕೂರುತ್ತೇನೆ, ಕೈಲಾದಷ್ಟು ಸಹಾಯ ಮಾಡುತ್ತೇನೆ. ಹಾಗೆ ಕೂತಿದ್ದಾಗ ಕಳೆದ ತಿಂಗಳು ಕಂಡ ಎರಡು ಅಂಕಿಗಳು ಈ ಪತ್ರಕ್ಕೆ ಕಾರಣ.

ಬೆಳಗ್ಗೆ ಹನ್ನೊಂದೂವರೆಯ ಹೊತ್ತಿಗೆ ಐವತ್ತೆರಡು ವರ್ಷದ ಒಬ್ಬ ಹೆಣ್ಣುಮಗಳು ಬೆರಳು ಚುಚ್ಚಿಸಿಕೊಂಡರು. ಮೆಷಿನ್ 168 ತೋರಿಸಿತು. ಅವರ ಹಿಂದೆಯೇ ನಲವತ್ತೇಳು ವರ್ಷದ ಒಬ್ಬ ರೈತರು ಬಂದರು, ಅವರದು 132. ನಮ್ಮ ಕಾರ್ಯಕ್ರಮದಲ್ಲಿ ಹೊತ್ತುಗೊತ್ತಿಲ್ಲದೆ ನೋಡಿದ ಸಕ್ಕರೆ 140 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಮುಂದಿನ ಪರೀಕ್ಷೆಗೆ ಕಳಿಸಬೇಕೆಂಬ ಗೆರೆ ಇದೆ. ಆ ಗೆರೆಯ ಪ್ರಕಾರ ಹೆಣ್ಣುಮಗಳ ಹೆಸರಿನ ಮುಂದೆ ‘ಶಂಕಿತ’ ಎಂದೂ ರೈತರ ಹೆಸರಿನ ಮುಂದೆ ‘ಸಾಮಾನ್ಯ’ ಎಂದೂ ದಾಖಲಾಯಿತು. ನಾನು ಇಬ್ಬರನ್ನೂ ಪಕ್ಕಕ್ಕೆ ಕರೆದು ಬೆಳಗ್ಗೆಯಿಂದ ಏನು ತಿಂದಿರಿ ಎಂದು ಕೇಳಿದೆ. ಆಕೆ ಒಂಬತ್ತಕ್ಕೆ ಮುದ್ದೆ ಉಂಡು, ಬರುವ ಮುಂಚೆ ಬೆಲ್ಲದ ಕಾಫಿ ಕುಡಿದಿದ್ದರು. ರೈತರು ಹಿಂದಿನ ರಾತ್ರಿ ಒಂಬತ್ತಕ್ಕೆ ಊಟ ಮಾಡಿದವರು, ಬೆಳಗ್ಗೆ ಬೋರ್‌ವೆಲ್ಲಿನ ಮೋಟಾರು ಕೆಟ್ಟದ್ದರಿಂದ ನೀರು ಬಿಟ್ಟು ಬೇರೇನನ್ನೂ ಬಾಯಿಗೆ ಹಾಕದೆ ನೇರವಾಗಿ ಬಂದಿದ್ದರು. ಅಂದರೆ ಅವರ 132 ಹದಿನಾಲ್ಕು ಗಂಟೆ ಖಾಲಿ ಹೊಟ್ಟೆಯಲ್ಲಿದ್ದ ದೇಹದ ಅಂಕಿ. ಖಾಲಿ ಹೊಟ್ಟೆಯಲ್ಲಿ 126 ಮುಟ್ಟಿದರೆ ಅದು ಸಕ್ಕರೆ ಕಾಯಿಲೆಯ ಮಟ್ಟ. ‘ಸಾಮಾನ್ಯ’ ಎಂದು ಬರೆಸಿಕೊಂಡು ಮನೆಗೆ ಹೊರಟಿದ್ದವರ ಬಗ್ಗೆಯೇ ಹೆಚ್ಚು ಚಿಂತಿಸಬೇಕಾಗಿತ್ತು.

ಇದರಲ್ಲಿ ಯಾರ ಅಜಾಗರೂಕತೆಯೂ ಇರಲಿಲ್ಲ. ರಿಜಿಸ್ಟರಿನಲ್ಲಿ ಹೆಸರು, ವಯಸ್ಸು, ಸಕ್ಕರೆಯ ಅಂಕಿ, ಬಿ.ಪಿ.ಯ ಅಂಕಿ ಎಂಬ ಕಂಬಸಾಲುಗಳಿದ್ದವು. ಕೊನೆಯ ಊಟದ ಹೊತ್ತನ್ನು ಬರೆಯಲು ಜಾಗವೇ ಇರಲಿಲ್ಲ. ಕಂಬಸಾಲು ಇಲ್ಲದ ಪ್ರಶ್ನೆಯನ್ನು ದಿನಕ್ಕೆ ಅರವತ್ತು ಜನರನ್ನು ನೋಡುವ ಕಾರ್ಯಕರ್ತೆ ಕೇಳುವುದಿಲ್ಲ. ಕೇಳಲಿಲ್ಲವೆಂದು ಆಕೆಯನ್ನು ದೂರುವುದೂ ಸರಿಯಲ್ಲ.

ತಪಾಸಣೆಯ ದಾರಿಯನ್ನು ಮೊದಲಿನಿಂದ ಹೇಳಿದರೆ ಈ ತೊಡಕು ಎಲ್ಲಿ ಹುಟ್ಟುತ್ತದೆ ಎಂಬುದು ತಿಳಿದೀತು. ಆಶಾ ಕಾರ್ಯಕರ್ತೆ ಮನೆಮನೆಗೆ ಹೋಗಿ ಮೂವತ್ತು ದಾಟಿದ ಪ್ರತಿಯೊಬ್ಬರಿಗೂ ಒಂದು ಪ್ರಶ್ನಾವಳಿ ತುಂಬುತ್ತಾರೆ. ನಾವೆಲ್ಲ ‘ಸಿ-ಬ್ಯಾಕ್ ಫಾರಂ’ ಎನ್ನುವ ಆ ಹಾಳೆಯಲ್ಲಿ ವಯಸ್ಸು, ಹೊಗೆಸೊಪ್ಪಿನ ಚಟ, ಮದ್ಯ, ಸೊಂಟದ ಸುತ್ತಳತೆ, ದೈಹಿಕ ಶ್ರಮ ಮತ್ತು ಮನೆತನದಲ್ಲಿರುವ ಕಾಯಿಲೆ ಇವುಗಳಿಗೆ ಅಂಕವಿದೆ. ಒಟ್ಟು ನಾಲ್ಕನ್ನು ದಾಟಿದವರನ್ನು ಮೊದಲು ತಪಾಸಣೆಗೆ ಕರೆಯಬೇಕು. ಈ ಫಾರಂ ಬಿ.ಪಿ., ಹೃದ್ರೋಗಗಳನ್ನೂ ಸೇರಿಸಿಕೊಂಡು ಮಾಡಿದ್ದಾದ್ದರಿಂದ ಸಕ್ಕರೆ ಕಾಯಿಲೆಯನ್ನಷ್ಟೇ ಗುರಿಯಾಗಿಟ್ಟದ್ದಲ್ಲ. ಅದಕ್ಕೆಂದೇ ರೂಪಿಸಿದ ಇನ್ನೊಂದು ಅಂಕಪಟ್ಟಿ ನಮ್ಮ ದೇಶದಲ್ಲೇ ಇದೆ. ಚೆನ್ನೈನಲ್ಲಿ ಡಾ. ವಿ. ಮೋಹನ್ ಮತ್ತು ಅವರ ಸಂಗಡಿಗರು ಅಲ್ಲಿನ ಜನರ ರಕ್ತಪರೀಕ್ಷೆಯನ್ನು ಆಧಾರವಾಗಿಟ್ಟುಕೊಂಡು 2005ರಲ್ಲಿ ಪ್ರಕಟಿಸಿದ ‘ಇಂಡಿಯನ್ ಡಯಾಬಿಟಿಸ್ ರಿಸ್ಕ್ ಸ್ಕೋರ್’ ಅದು. ಅದರಲ್ಲಿರುವುದು ನಾಲ್ಕೇ ಪ್ರಶ್ನೆಗಳು, ಒಟ್ಟು ನೂರು ಅಂಕ.

ವಯಸ್ಸು 35ಕ್ಕಿಂತ ಕಡಿಮೆಯಿದ್ದರೆ ಸೊನ್ನೆ, 35ರಿಂದ 49ರವರೆಗೆ 20, ಐವತ್ತರಿಂದ ಮೇಲೆ 30. ಸೊಂಟ ಹೆಂಗಸರಲ್ಲಿ 80 ಸೆಂಟಿಮೀಟರಿಗಿಂತ ಕಡಿಮೆಯಿದ್ದರೆ ಸೊನ್ನೆ, 80ರಿಂದ 89ರವರೆಗೆ 10, ತೊಂಬತ್ತರಿಂದ ಮೇಲೆ 20; ಗಂಡಸರಿಗೆ ಈ ಗೆರೆಗಳು 90 ಮತ್ತು 100. ಮೈಮುರಿದು ದುಡಿಯುವವರಿಗೆ ಸೊನ್ನೆ, ಕೂತೇ ಕಾಲ ಕಳೆಯುವವರಿಗೆ 30, ನಡುವಿನವರಿಗೆ ಶ್ರಮಕ್ಕೆ ತಕ್ಕಂತೆ 10 ಅಥವಾ 20. ತಂದೆತಾಯಿಯರಲ್ಲಿ ಒಬ್ಬರಿಗೆ ಕಾಯಿಲೆಯಿದ್ದರೆ 10, ಇಬ್ಬರಿಗೂ ಇದ್ದರೆ 20. ಮೊತ್ತ 60 ಮುಟ್ಟಿದರೆ ಹೆಚ್ಚಿನ ಅಪಾಯ. ಆಶಾ ಕಾರ್ಯಕರ್ತೆ ಈಗಾಗಲೇ ತುಂಬುವ ಫಾರಂನಲ್ಲಿ ಇವುಗಳ ಉತ್ತರ ಬಹುಪಾಲು ಇದ್ದೇ ಇದೆ. ‘ಮನೆಯಲ್ಲಿ ಯಾರಿಗಾದರೂ ಶುಗರ್ ಇದೆಯೇ’ ಎಂಬುದರ ಜೊತೆಗೆ ‘ಅಪ್ಪನಿಗೋ, ಅಮ್ಮನಿಗೋ, ಇಬ್ಬರಿಗೂನೋ’ ಎಂದು ಕೇಳಿ, ಮಾಡುವ ಕೆಲಸ ಎಂಥದೆಂದು ಒಂದು ಮಾತು ಹೆಚ್ಚು ವಿಚಾರಿಸಿದರೆ ಹೊಸ ಹಾಳೆಯ ಅಗತ್ಯವೇ ಇಲ್ಲ.

ಈ ಅಂಕಗಳಲ್ಲಿ ಅತಿ ಹೆಚ್ಚು ತಪ್ಪಾಗುವುದು ಸೊಂಟದ ಅಳತೆ. ಮೊದಲು ಹೇಳಿದ ಹೆಣ್ಣುಮಗಳನ್ನೇ ತೆಗೆದುಕೊಳ್ಳೋಣ. ವಯಸ್ಸಿಗೆ 30, ತಾಯಿಗೆ ಕಾಯಿಲೆಯಿದ್ದುದರಿಂದ 10, ಮನೆಗೆಲಸದ ಜೊತೆಗೆ ಎರಡು ಹಸು ನೋಡಿಕೊಳ್ಳುವುದರಿಂದ ಶ್ರಮಕ್ಕೆ 10. ಇಲ್ಲಿಗೆ 50 ಆಯಿತು. ಅವರ ಫಾರಂನಲ್ಲಿ ಸೊಂಟ 78 ಎಂದು ಬರೆದಿತ್ತು. ಕೈಕಾಲು ಸಣ್ಣಗಿರುವುದನ್ನು ನೋಡಿ ಅಂದಾಜಿನಲ್ಲಿ ಬರೆದದ್ದು. ಟೇಪು ಹಿಡಿದು ಅಳೆದಾಗ 88 ಬಂತು, ಮೊತ್ತ 60 ಆಯಿತು. ತೆಳ್ಳನೆಯ ಕೈಕಾಲು, ಮುಂದೆ ಬಂದ ಹೊಟ್ಟೆ ನಮ್ಮ ಜನರಲ್ಲಿ ಸಾಮಾನ್ಯವಾದ ಮೈಕಟ್ಟು. ಕಣ್ಣಂದಾಜು ಸೋಲುವುದು ಇಂಥವರಲ್ಲೇ. ಪಕ್ಕೆಲುಬಿನ ಕೊನೆಯ ಎಲುಬು ಮತ್ತು ಸೊಂಟದ ಎಲುಬಿನ ಮೇಲಂಚು ಇವೆರಡನ್ನೂ ಬೆರಳಿನಿಂದ ಮುಟ್ಟಿ ನೋಡಿ, ನಡುಮಧ್ಯದಲ್ಲಿ ಟೇಪನ್ನು ನೆಲಕ್ಕೆ ಸಮಾನಾಂತರವಾಗಿ ಸುತ್ತಿ, ಉಸಿರು ಸಹಜವಾಗಿ ಹೊರಬಿಟ್ಟ ಕ್ಷಣದಲ್ಲಿ ಅಂಕಿ ಓದಬೇಕು. ಸೀರೆಯ ನೆರಿಗೆಯ ಮೇಲೆ ಅಳೆದರೆ ಕೆಲವು ಸೆಂಟಿಮೀಟರು ಹೆಚ್ಚು ಬರುತ್ತದೆ, ಲಂಗದ ಲಾಡಿಯ ಜಾಗದಲ್ಲಿ ಅಳೆದರೆ ಸೊಂಟದ ಬದಲು ಬೇರೆಯದೇ ಅಳತೆ ಸಿಗುತ್ತದೆ. ಒಳಕೋಣೆಯಲ್ಲಿ, ನೆರಿಗೆ ಸರಿಸಿ, ತೆಳುವಾದ ಒಂದು ಪದರದ ಬಟ್ಟೆಯ ಮೇಲೆ ಅಳೆಯುವುದು ಒಳ್ಳೆಯದು. ಗಂಡಸರ ಸೊಂಟ ಅಳೆಯಲು ಆಶಾ ಕಾರ್ಯಕರ್ತೆಯರು ಸಂಕೋಚಪಡುತ್ತಾರೆ; ಆಗ ಟೇಪಿನ ತುದಿಯನ್ನು ಅವರ ಕೈಗೇ ಕೊಟ್ಟು, ಜಾಗ ತೋರಿಸಿ, ಸುತ್ತಿಕೊಳ್ಳಲು ಹೇಳಿ ಅಂಕಿಯನ್ನು ಮಾತ್ರ ತಾವು ಓದಬಹುದು. ಬಟ್ಟೆಯ ಟೇಪು ಬಳಸಿ ಬಳಸಿ ಹಿಗ್ಗಿರುತ್ತದೆ. ಆರು ತಿಂಗಳಿಗೊಮ್ಮೆ ಶಾಲೆಯ ಮೀಟರ್ ಕೋಲಿನ ಪಕ್ಕ ಇಟ್ಟು ನೋಡಿದರೆ ಸಾಕು.

ಪ್ರಶ್ನಾವಳಿಯನ್ನು ಎಷ್ಟರಮಟ್ಟಿಗೆ ನಂಬಬೇಕು ಎಂಬುದಕ್ಕೆ ಒಂದು ಲೆಕ್ಕ ಹೇಳುತ್ತೇನೆ. ಒಂದು ಊರಿನಲ್ಲಿ ಮೂವತ್ತು ದಾಟಿದ 500 ಜನರಿದ್ದು, ಅವರಲ್ಲಿ 40 ಜನರಿಗೆ ತಮಗೇ ತಿಳಿಯದ ಸಕ್ಕರೆ ಕಾಯಿಲೆ ಇದೆ ಎಂದು ಲೆಕ್ಕಕ್ಕಾಗಿ ಇಟ್ಟುಕೊಳ್ಳೋಣ. ಚೆನ್ನೈನ ಆ ಅಧ್ಯಯನದಲ್ಲಿ 60ರ ಗೆರೆಯು ಕಾಯಿಲೆಯಿದ್ದವರಲ್ಲಿ ಶೇಕಡಾ 72.5ರಷ್ಟು ಜನರನ್ನು ಹಿಡಿಯಿತು, ಕಾಯಿಲೆಯಿಲ್ಲದವರಲ್ಲಿ ಸುಮಾರು ಶೇಕಡಾ 60ರಷ್ಟು ಜನರನ್ನು ಸರಿಯಾಗಿ ಹೊರಗಿಟ್ಟಿತು. ನಮ್ಮ ಊರಿಗೂ ಅದೇ ಅನ್ವಯಿಸಿದರೆ 40ರಲ್ಲಿ 29 ಜನ ಸಿಗುತ್ತಾರೆ. ಕಾಯಿಲೆಯಿಲ್ಲದ 460 ಜನರಲ್ಲಿ 184 ಜನರೂ ಗೆರೆ ದಾಟಿರುತ್ತಾರೆ. ಹೀಗೆ 213 ಜನರ ಬೆರಳು ಚುಚ್ಚಿ 29 ಜನರನ್ನು ಕಂಡುಹಿಡಿಯುತ್ತೇವೆ. ಐನೂರು ಸ್ಟ್ರಿಪ್ ಬದಲು ಇನ್ನೂರ ಹದಿಮೂರರಲ್ಲಿ ಇಷ್ಟು ಕೆಲಸವಾಗುವುದು ಲಾಭವೇ. ಆದರೆ ಉಳಿದ 11 ಜನ ‘ಅಪಾಯ ಕಡಿಮೆ’ ಎಂದು ಮನೆಯಲ್ಲೇ ಉಳಿಯುತ್ತಾರೆ.

ಆ ಹನ್ನೊಂದು ಜನ ಯಾರಿರಬಹುದು ಎಂಬುದು ಊರು ಬಲ್ಲವರಿಗೆ ಗೊತ್ತು. ನಲವತ್ತನಾಲ್ಕರ ಕೂಲಿ ಹೆಂಗಸು, ಸೊಂಟ 76, ದಿನವಿಡೀ ಹೊಲದಲ್ಲಿ ದುಡಿಮೆ, ತಂದೆತಾಯಿ ಯಾವ ಕಾಯಿಲೆಯಿಂದ ಹೋದರೆಂಬುದು ಗೊತ್ತಿಲ್ಲ: ಅಂಕ ಇಪ್ಪತ್ತೇ. ತಂದೆತಾಯಿಗೆ ಎಂದೂ ರಕ್ತಪರೀಕ್ಷೆಯೇ ಆಗಿರದಿದ್ದರೆ ‘ಇಲ್ಲ’ ಎಂಬ ಉತ್ತರಕ್ಕೆ ಬೆಲೆಯಿಲ್ಲ. ಅಲ್ಲಿ ‘ಗೊತ್ತಿಲ್ಲ’ ಎಂದು ಬರೆಯಬೇಕು. ಆದ್ದರಿಂದ ಅಂಕ ಎಷ್ಟೇ ಇರಲಿ, ರಾತ್ರಿ ಪದೇ ಪದೇ ಮೂತ್ರಕ್ಕೆ ಏಳುವವರು, ಕಾರಣವಿಲ್ಲದೆ ಇಳಿದುಹೋಗುತ್ತಿರುವವರು, ಕಾಲಿನ ಗಾಯ ಮಾಯದವರು, ಬಸುರಿನಲ್ಲಿ ಶುಗರ್ ಬಂದಿತ್ತೆಂದು ಹೇಳುವವರು, ಇವರೆಲ್ಲರ ರಕ್ತವನ್ನು ನೋಡಲೇಬೇಕು. ಪ್ರಶ್ನಾವಳಿ ಯಾರನ್ನು ಮೊದಲು ಕರೆಯಬೇಕೆಂದು ಹೇಳುತ್ತದೆಯೇ ಹೊರತು ಯಾರನ್ನು ಬಿಡಬಹುದೆಂದು ಹೇಳುವುದಿಲ್ಲ. ಸ್ಟ್ರಿಪ್ ಸಾಕಷ್ಟಿದ್ದರೆ ಉಳಿದವರನ್ನೂ ಕರೆಯುವುದೇ ಕಾರ್ಯಕ್ರಮದ ಉದ್ದೇಶ. (ಈಗ ಬಸುರಿಯರಾಗಿರುವವರ ಪರೀಕ್ಷೆಯ ವಿಧಾನ ಮತ್ತು ಗೆರೆಗಳೇ ಬೇರೆ; ಅವರನ್ನು ಈ ಸಾಲಿನಲ್ಲಿ ನಿಲ್ಲಿಸಬಾರದು.)

ಇನ್ನು ಬೆರಳಿನ ಪರೀಕ್ಷೆ. ಅದು ಅರ್ಧ ನಿಮಿಷದ ಕೆಲಸವೆಂದು ನಾವೆಲ್ಲ ಅಂದುಕೊಂಡಿದ್ದೇವೆ, ಆದರೆ ಅಂಕಿ ಕೆಡುವುದು ಹೆಚ್ಚಾಗಿ ಆ ಅರ್ಧ ನಿಮಿಷಕ್ಕೂ ಮುಂಚೆ. ಒಮ್ಮೆ ಆಲೆಮನೆಯಿಂದ ನೇರ ಬಂದವರೊಬ್ಬರಿಗೆ 280ರ ಆಸುಪಾಸು ತೋರಿಸಿತು, ಸೋಪು ಹಾಕಿ ಕೈ ತೊಳೆಸಿ, ಒರೆಸಿ, ಬೇರೆ ಬೆರಳಿನಲ್ಲಿ ನೋಡಿದಾಗ 118. ಬೆಲ್ಲ, ಬಾಳೆಹಣ್ಣು, ಕಬ್ಬಿನ ಹಾಲು ಯಾವುದೇ ಇರಲಿ, ಕಣ್ಣಿಗೆ ಕಾಣದಷ್ಟು ಅಂಟಿಕೊಂಡಿದ್ದರೂ ಆ ಸಣ್ಣ ಹನಿಯಲ್ಲಿ ಬೆರೆತು ಅಂಕಿಯನ್ನು ಏರಿಸುತ್ತದೆ. ಸ್ಪಿರಿಟ್ ಹತ್ತಿಯಿಂದ ಒರೆಸಿದ ಮಾತ್ರಕ್ಕೆ ಸಕ್ಕರೆಯ ಅಂಟು ಪೂರ್ತಿ ಹೋಗುವುದಿಲ್ಲ. ಸ್ಪಿರಿಟ್ ಒಣಗುವ ಮುಂಚೆ ಚುಚ್ಚಿದರೆ ಅದೂ ರಕ್ತದಲ್ಲಿ ಬೆರೆಯುತ್ತದೆ. ಆದ್ದರಿಂದ ತಪಾಸಣೆಯ ಮೇಜಿಗೆ ಮೊದಲು ಬೇಕಾದದ್ದು ಒಂದು ಕೊಡ ನೀರು, ಸೋಪು ಮತ್ತು ಒಣಬಟ್ಟೆ. ನೀರೇ ಇಲ್ಲದ ಕಡೆ ಮೊದಲ ಹನಿಯನ್ನು ಒರೆಸಿ ಎರಡನೆಯ ಹನಿಯನ್ನು ತೆಗೆದುಕೊಳ್ಳಬೇಕು.

ಚುಚ್ಚಬೇಕಾದದ್ದು ನಡುಬೆರಳಿನ ಅಥವಾ ಉಂಗುರದ ಬೆರಳಿನ ಪಕ್ಕಕ್ಕೆ. ತುದಿಯ ನಡುವೆ ನೋವು ಹೆಚ್ಚು, ಮಾರನೆಯ ದಿನ ಹಾಲು ಕರೆಯಲು ಕಷ್ಟವಾಗುತ್ತದೆ. ಕೈಯನ್ನು ಸ್ವಲ್ಪ ಹೊತ್ತು ಕೆಳಗೆ ಇಳಿಬಿಟ್ಟರೆ ರಕ್ತ ತಾನೇ ಬರುತ್ತದೆ. ಬೆರಳನ್ನು ಹಿಂಡಿ ಹಿಂಡಿ ತೆಗೆದರೆ ರಕ್ತದೊಂದಿಗೆ ಬೇರೆ ದ್ರವವೂ ಸೇರಿ ಅಂಕಿ ನಂಬಿಕೆಗೆ ಅರ್ಹವಾಗಿ ಉಳಿಯುವುದಿಲ್ಲ. ಒಬ್ಬರಿಗೆ ಚುಚ್ಚಿದ ಲ್ಯಾನ್ಸೆಟ್ ಇನ್ನೊಬ್ಬರಿಗೆ ಮುಟ್ಟಬಾರದು, ಅದು ನೇರವಾಗಿ ಚುಚ್ಚಿದರೂ ತೂತಾಗದ ಡಬ್ಬಿಗೆ ಹೋಗಬೇಕು. ಇದನ್ನು ಎಲ್ಲರೂ ಬಲ್ಲರು. ಅಷ್ಟಾಗಿ ಗಮನಿಸದಿರುವುದು ಸ್ಟ್ರಿಪ್ಪಿನ ಡಬ್ಬಿಯನ್ನು. ಏಪ್ರಿಲ್ ಬಿಸಿಲಿನಲ್ಲಿ ಸ್ಕೂಟರಿನ ಡಿಕ್ಕಿಯಲ್ಲಿ ಮಧ್ಯಾಹ್ನದವರೆಗೆ ಬಿದ್ದಿದ್ದ ಡಬ್ಬಿ, ಮುಚ್ಚಳ ತೆರೆದು ಮಳೆಗಾಲದ ತೇವಕ್ಕೆ ಬಿಟ್ಟ ಡಬ್ಬಿ, ತೆರೆದ ದಿನಾಂಕವನ್ನು ಬರೆಯದೆ ತಿಂಗಳುಗಟ್ಟಲೆ ಬಳಸಿದ ಡಬ್ಬಿ, ಇವೆಲ್ಲ ತಪ್ಪು ಅಂಕಿ ಕೊಡುತ್ತವೆ. ಮೆಷಿನ್ ಮಾತ್ರ ಎಂದಿನ ಗತ್ತಿನಲ್ಲೇ ಮೂರಂಕಿ ತೋರಿಸುತ್ತದೆ. ಕೆಟ್ಟಿದೆಯೋ ಇಲ್ಲವೋ ತಿಳಿಯಲು ಕಂಟ್ರೋಲ್ ದ್ರಾವಣ ಎಂಬ ಸಣ್ಣ ಬಾಟಲಿ ಇರುತ್ತದೆ. ಅದರ ಹನಿ ಹಾಕಿದಾಗ ಬರುವ ಅಂಕಿ ಡಬ್ಬಿಯ ಮೇಲೆ ಮುದ್ರಿಸಿದ ಮಿತಿಯೊಳಗಿರಬೇಕು. ಹೊಸ ಡಬ್ಬಿ ತೆರೆದಾಗಲೆಲ್ಲ ಇದನ್ನು ಮಾಡಬೇಕು. ಸ್ಟ್ರಿಪ್ ಬಂದು ದ್ರಾವಣ ಬಾರದ ಉಪಕೇಂದ್ರಗಳಿರಬಹುದು; ದಯವಿಟ್ಟು ವಿಚಾರಿಸಿ.

ಎಲ್ಲವೂ ಸರಿಯಿದ್ದರೂ ಮೆಷಿನ್ನಿಗೆ ತನ್ನ ಮಿತಿ ಇದೆ. ಅಂತರರಾಷ್ಟ್ರೀಯ ಮಾನದಂಡವೇ 100ಕ್ಕಿಂತ ಮೇಲಿನ ಅಂಕಿಗಳಲ್ಲಿ ಪ್ರಯೋಗಾಲಯದ ಅಂಕಿಗಿಂತ ಶೇಕಡಾ 15ರಷ್ಟು ಆಚೀಚೆ ಇರುವುದನ್ನು ಒಪ್ಪುತ್ತದೆ. ನಮ್ಮ ರೈತರ 132 ನಿಜದಲ್ಲಿ 115 ಇದ್ದಿರಬಹುದು, 155ರವರೆಗೂ ಇದ್ದಿರಬಹುದು. ರಕ್ತಹೀನತೆ ಹೆಚ್ಚಿರುವವರಲ್ಲಿ ಮೆಷಿನ್ ಇರುವುದಕ್ಕಿಂತ ಹೆಚ್ಚು ತೋರಿಸುವುದೂ ಉಂಟು. ನಮ್ಮ ಹೆಂಗಸರ ವಿಷಯದಲ್ಲಿ ಇದನ್ನು ನೆನಪಿಡಬೇಕು. ಹಾಗಾಗಿ ಬೆರಳಿನ ಹನಿಯಿಂದ ಯಾರಿಗೂ ‘ನಿಮಗೆ ಸಕ್ಕರೆ ಕಾಯಿಲೆ ಬಂದಿದೆ’ ಎಂದು ಹೇಳುವಂತಿಲ್ಲ. ಹೇಳಬೇಕಾದ ಮಾತು ಇಷ್ಟೇ: ‘ಸ್ವಲ್ಪ ಹೆಚ್ಚಿದೆ, ಖಾಲಿ ಹೊಟ್ಟೆಯಲ್ಲಿ ಇನ್ನೊಮ್ಮೆ ನೋಡಿಸಬೇಕು, ಇಂಥ ದಿನ ಬನ್ನಿ.’ ಮೆಷಿನ್ 300 ದಾಟಿದ್ದು ವಾಂತಿ, ಏದುಸಿರು, ವಿಪರೀತ ಸುಸ್ತು ಇದ್ದರೆ, ಅಥವಾ ಪರದೆಯ ಮೇಲೆ HI ಎಂದು ಬಂದರೆ ಮಾತ್ರ ಕಾಯುವಂತಿಲ್ಲ. ಅದೇ ದಿನ ಆಸ್ಪತ್ರೆಗೆ ಕಳಿಸಬೇಕು.

ಆ ಇಬ್ಬರ ವಿಷಯಕ್ಕೆ ಮರಳುತ್ತೇನೆ. ಇಬ್ಬರನ್ನೂ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಕಳಿಸಿದೆವು. ಹೆಣ್ಣುಮಗಳ ರಕ್ತನಾಳದಿಂದ ತೆಗೆದ ರಕ್ತದಲ್ಲಿ 104 ಬಂತು. 75 ಗ್ರಾಂ ಗ್ಲುಕೋಸ್ ಕುಡಿಸಿ ಎರಡು ಗಂಟೆಯ ಮೇಲೆ ನೋಡಿದಾಗ 156. ಎರಡು ಗಂಟೆಯ ಅಂಕಿ 140ರಿಂದ 199ರೊಳಗಿದ್ದರೆ ಅದು ಕಾಯಿಲೆಯ ಹೊಸ್ತಿಲು. 200 ಮುಟ್ಟಿದರೆ ಕಾಯಿಲೆ. ಆಕೆಗೆ ಮಾತ್ರೆ ಕೊಡಲಿಲ್ಲ. ಊಟ, ನಡಿಗೆಯ ಬಗ್ಗೆ ಹೇಳಿ ವರ್ಷಕ್ಕೊಮ್ಮೆ ನೋಡಿಸಿಕೊಳ್ಳಲು ತಿಳಿಸಿದರು. ರೈತರಿಗೆ ಖಾಲಿ ಹೊಟ್ಟೆಯಲ್ಲಿ 138 ಬಂತು. ಅವರಿಗೆ ಯಾವ ಲಕ್ಷಣವೂ ಇಲ್ಲದ್ದರಿಂದ ವೈದ್ಯರು ಒಂದೇ ಅಂಕಿಯ ಮೇಲೆ ತೀರ್ಮಾನಿಸದೆ ಮುಂದಿನ ವಾರ ಮತ್ತೆ ಕರೆಸಿದರು, ಆಗ 134. ಎರಡು ಸಲವೂ 126ರ ಗೆರೆ ದಾಟಿದ್ದರಿಂದ ಸಕ್ಕರೆ ಕಾಯಿಲೆ ಖಚಿತವಾಯಿತು. ಅವರ ಪ್ರಶ್ನಾವಳಿಯ ಮೊತ್ತ ಎಷ್ಟೆಂದು ಆಮೇಲೆ ತೆಗೆದು ನೋಡಿದೆ: ವಯಸ್ಸಿಗೆ 20, ಸೊಂಟ 94ಕ್ಕೆ 10, ದುಡಿಮೆಗೆ ಸೊನ್ನೆ, ತಂದೆಗೆ ಕಾಯಿಲೆಯಿದ್ದುದರಿಂದ 10. ಒಟ್ಟು ನಲವತ್ತು. ಪ್ರಶ್ನಾವಳಿಯೂ 140ರ ಗೆರೆಯೂ ಎರಡೂ ಸೇರಿ ಬಿಟ್ಟುಬಿಟ್ಟಿದ್ದ ಮನುಷ್ಯ ಅವರು.

‘ಏನೂ ತಿಂದಿಲ್ಲ’ ಎಂಬ ಉತ್ತರದ ಬಗ್ಗೆಯೂ ಒಂದು ಮಾತು. ನಮ್ಮ ಜನ ಕಾಫಿಯನ್ನು ತಿಂಡಿಯಲ್ಲಿ ಸೇರಿಸುವುದಿಲ್ಲ. ‘ಊಟ ಆಯಿತಾ’ ಎಂದು ಕೇಳಿದರೆ ‘ಇಲ್ಲ’ ಎನ್ನುತ್ತಾರೆ, ಆದರೆ ಎರಡು ಲೋಟ ಸಕ್ಕರೆ ಹಾಕಿದ ಕಾಫಿ ಆಗಿರುತ್ತದೆ. ‘ಬೆಳಗ್ಗೆ ಎದ್ದ ಮೇಲೆ ಬಾಯಿಗೆ ಏನೇನು ಹಾಕಿಕೊಂಡಿರಿ, ಎಲೆ ಅಡಿಕೆ ಕೂಡ ಹೇಳಿ’ ಎಂದು ಕೇಳಿದರೆ ಸರಿಯಾದ ಉತ್ತರ ಸಿಗುತ್ತದೆ. ನೀರು ಬಿಟ್ಟು ಬೇರೇನೂ ಇಲ್ಲದೆ ಎಂಟು ಗಂಟೆ ಕಳೆದಿದ್ದರೆ ಮಾತ್ರ ಖಾಲಿ ಹೊಟ್ಟೆ ಎಂದು ಬರೆಯಬೇಕು. ಉಳಿದದ್ದಕ್ಕೆಲ್ಲ ಕೊನೆಯದಾಗಿ ತಿಂದ ಅಥವಾ ಕುಡಿದ ಗಂಟೆಯನ್ನು ಬರೆಯಬೇಕು.

ಇಷ್ಟನ್ನು ಮುಂದಿಟ್ಟು ತಮ್ಮಲ್ಲಿ ನನ್ನ ವಿನಂತಿ ಹೀಗಿದೆ. ತಪಾಸಣೆಯ ರಿಜಿಸ್ಟರಿನಲ್ಲಿ ಸಕ್ಕರೆಯ ಅಂಕಿಯ ಪಕ್ಕದಲ್ಲೇ ‘ಕೊನೆಯ ಆಹಾರ ಎಷ್ಟು ಗಂಟೆಗೆ’ ಎಂಬ ಕಂಬಸಾಲನ್ನು ಹಾಕಿಸಬೇಕು. ಮುದ್ರಿಸುವುದು ತಡವಾಗುವುದಾದರೆ ಸ್ಕೇಲು ಹಿಡಿದು ಕೈಯಲ್ಲಿ ಗೆರೆ ಹಾಕಿಕೊಳ್ಳಲು ಒಂದು ಸುತ್ತೋಲೆ ಸಾಕು. ಎಂಟು ಗಂಟೆ ಉಪವಾಸವಿದ್ದವರಿಗೆ 140ರ ಗೆರೆಯನ್ನು ಅನ್ವಯಿಸದೆ, ಮೆಷಿನ್ ಆಚೀಚೆ ತೋರಿಸುವುದನ್ನೂ ಗಮನದಲ್ಲಿಟ್ಟು, 110 ದಾಟಿದ ಎಲ್ಲರನ್ನೂ ಪ್ರಯೋಗಾಲಯಕ್ಕೆ ಕಳಿಸುವಂತೆ ತಿಳಿಸಬೇಕು. ಈ ಅಂಕಿಯನ್ನು ಎಲ್ಲಿ ನಿಲ್ಲಿಸಬೇಕೆಂಬುದನ್ನು ತಾವು ವೈದ್ಯರೊಂದಿಗೆ ಚರ್ಚಿಸಿ ಬದಲಿಸಬಹುದು. ಗೆರೆಯೇ ಇಲ್ಲದಿರುವುದು ಸರಿಯಲ್ಲ.

ಮತ್ತೊಂದು, ತಪಾಸಣೆಯ ಹೊತ್ತು. 2024ರಲ್ಲಿ ಕೋಲಾರದಿಂದ ಆರಂಭವಾದ ಗೃಹ ಆರೋಗ್ಯ ಯೋಜನೆಯಿಂದಾಗಿ ಸಿಬ್ಬಂದಿ ಮನೆಬಾಗಿಲಿಗೇ ಹೋಗುವ ರೂಢಿ ಬಂದಿದೆ. ಆದರೆ ಹತ್ತು, ಹನ್ನೊಂದು ಗಂಟೆಗೆ ಮನೆಯಲ್ಲಿ ಸಿಗುವವರು ಉಂಡವರು, ಸಿಗದವರು ಹೊಲಕ್ಕೆ ಹೋದವರು. ನಮ್ಮ ಊರುಗಳಲ್ಲಿ ಬೆಳಗ್ಗೆ ಆರೂವರೆಯಿಂದ ಎಂಟರವರೆಗೆ ಗಂಡಸರು, ಹೆಂಗಸರು ಎಲ್ಲರೂ ಕ್ಯಾನು ಹಿಡಿದು ಬರುವ ಜಾಗ ಒಂದಿದೆ, ಹಾಲಿನ ಡೇರಿ. ಅಲ್ಲಿ ನೀರಿದೆ, ನೆರಳಿದೆ, ಮೇಜಿದೆ, ಬಹಳ ಜನ ಇನ್ನೂ ಕಾಫಿ ಕುಡಿದಿರುವುದಿಲ್ಲ. ವಾರಕ್ಕೊಂದು ಬೆಳಗ್ಗೆ ಅಲ್ಲಿ ಕೂತರೆ ಖಾಲಿ ಹೊಟ್ಟೆಯ ಅಂಕಿಯೇ ಸಿಗುತ್ತದೆ. ಹಿಂದಿನ ಸಂಜೆ ಹಾಲು ಹಾಕಲು ಬಂದವರಿಗೆ ಡೇರಿಯ ಕಾರ್ಯದರ್ಶಿಯವರು ‘ನಾಳೆ ಏನೂ ಕುಡಿಯದೆ ಬನ್ನಿ’ ಎಂದು ಹೇಳಿದರೆ ಆಯಿತು. ಆ ದಿನ ಬೇಗ ಬಂದ ಸಿಬ್ಬಂದಿಗೆ ಮಧ್ಯಾಹ್ನ ಬೇಗ ಬಿಡುವು ಕೊಡಬೇಕಾಗುತ್ತದೆ, ಹಸು ಇಲ್ಲದ ಮನೆಗಳಿಗೆ ಆಶಾ ಕಾರ್ಯಕರ್ತೆ ಬೇರೆಯಾಗಿ ಹೇಳಿ ಕಳಿಸಬೇಕಾಗುತ್ತದೆ.

ನಮ್ಮೂರಿನ ಡೇರಿಯವರನ್ನು ನಾನು ಈಗಾಗಲೇ ಕೇಳಿದ್ದೇನೆ. ಗುರುವಾರ ಆಗಬಹುದೆಂದು ಹೇಳಿದ್ದಾರೆ. ಮೆಷಿನ್, ಸ್ಟ್ರಿಪ್ ಮತ್ತು ತಮ್ಮ ಲಿಖಿತ ಅನುಮತಿ ಬಂದರೆ ಕೈ ತೊಳೆಯುವ ನೀರಿನ ಕೊಡವನ್ನು ನಾನೇ ತುಂಬಿಸಿ ಇಡುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಆರೋಗ್ಯ ಸಹಾಯಕಿ